ಚಿತ್ರವಲ್ಲ, ಊಹೆಯ ತಪ್ಪು ಮಾತ್ರ

ಮೊಬೈಲನ್ನು ಅಲುಗದಂತೆ ಸ್ಟ್ಯಾಂಡಿಗೆ ಸಿಕ್ಕಿಸಿ, ಕಾಲೇಜಿನ ಎದುರಿನ ಬಸ್ ಸ್ಟಾಪನ್ನು ಹತ್ತು ಸೆಕೆಂಡು ವಿಡಿಯೊ ಮಾಡಿದಿರಿ ಎಂದುಕೊಳ್ಳಿ. ನಿಂತಿದ್ದ ಕೆಂಪು ಬಸ್ಸೊಂದು ಎಡದಿಂದ ಬಲಕ್ಕೆ ನಿಧಾನವಾಗಿ ಹೊರಡುತ್ತದೆ. ಹಿಂದೆ ಕಾಂಪೌಂಡ್ ಗೋಡೆ, ಗೋಡೆಯಾಚೆ ಒಂದು ಮರ, ಮೇಲೆ ಆಕಾಶ. ದೃಶ್ಯದಲ್ಲಿರುವುದು ಇಷ್ಟೇ.

ಈ ಹತ್ತು ಸೆಕೆಂಡನ್ನು ಏನೂ ಕುಗ್ಗಿಸದೆ ಇಟ್ಟರೆ ಎಷ್ಟು ಜಾಗ ಬೇಕು? ಫುಲ್ ಎಚ್‌ಡಿ ಚಿತ್ರವೊಂದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಪಿಕ್ಸೆಲ್‌ಗಳಿರುತ್ತವೆ. ಒಂದೊಂದು ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್. ಅಲ್ಲಿಗೆ ಒಂದು ಫ್ರೇಮ್‌ಗೆ ಸುಮಾರು 6.2 ಎಂಬಿ. ಸೆಕೆಂಡಿಗೆ 30 ಫ್ರೇಮ್‌ನಂತೆ ಹತ್ತು ಸೆಕೆಂಡಿಗೆ 300 ಫ್ರೇಮ್, ಅಂದರೆ ಸುಮಾರು 1.87 ಜಿಬಿ. ಇದೇ ತುಣುಕನ್ನು ಸೆಕೆಂಡಿಗೆ 4 ಮೆಗಾಬಿಟ್ ದರದಲ್ಲಿ ಕುಗ್ಗಿಸಿ ಅಪ್‌ಲೋಡ್ ಮಾಡಿದರೆ ಫೈಲು ಬರೀ 5 ಎಂಬಿ. 373 ಪಾಲಿನಲ್ಲಿ ಒಂದು ಪಾಲು ಉಳಿಯಿತು. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಮೂಲದಲ್ಲಿ ಒಂದೊಂದು ಪಿಕ್ಸೆಲ್‌ಗೂ 24 ಬಿಟ್ ಇತ್ತು. ಈಗ ಹದಿನೈದು ಪಿಕ್ಸೆಲ್‌ಗಳಿಗೆಲ್ಲ ಸೇರಿ ಒಂದೇ ಒಂದು ಬಿಟ್ ಇದೆ. ಆದರೂ ತೆರೆಯ ಮೇಲೆ ಬಸ್ಸು ಬಸ್ಸಿನಂತೆಯೇ ಕಾಣುತ್ತದೆ.

ಹದಿನೈದು ಪಿಕ್ಸೆಲ್‌ಗಳ ಬಣ್ಣವನ್ನು ಒಂದು ಬಿಟ್‌ನಲ್ಲಿ ಬರೆಯಲು ಯಾವ ಗಣಿತಕ್ಕೂ ಸಾಧ್ಯವಿಲ್ಲ. ಫೈಲಿನಲ್ಲಿ ಬಹುಪಾಲು ಬಣ್ಣಗಳೇ ಇಲ್ಲ ಎನ್ನುವುದು ಇದರ ಗುಟ್ಟು. ಕುಗ್ಗಿಸುವ ಎನ್‌ಕೋಡರ್ ಮತ್ತು ಬಿಡಿಸಿ ತೋರಿಸುವ ಡಿಕೋಡರ್ ಎರಡೂ ಮುಂದಿನ ಚಿತ್ರ ಹೇಗಿರಬಹುದೆಂದು ಒಂದೇ ನಿಯಮದಿಂದ ಊಹಿಸುತ್ತವೆ. ಆ ಊಹೆ ಎಲ್ಲಿ, ಎಷ್ಟು ತಪ್ಪಿತು ಎಂಬುದನ್ನಷ್ಟೇ ಫೈಲಿನಲ್ಲಿ ಬರೆದಿಡಲಾಗುತ್ತದೆ. ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ, 2003ರಲ್ಲಿ ಅಂಗೀಕಾರವಾದ ಎಚ್.264 ಮಾನದಂಡವನ್ನು ಮುಂದಿಟ್ಟುಕೊಂಡು ನಮ್ಮ ಬಸ್ಸಿನ 300 ಫ್ರೇಮ್‌ಗಳನ್ನು ಹಿಂಬಾಲಿಸೋಣ. 2013ರ ಎಚ್.265, 2018ರ ಎವಿ1 ಇವೆಲ್ಲ ಇದೇ ದಾರಿಯಲ್ಲಿ ಇನ್ನಷ್ಟು ದೂರ ನಡೆದವು. ಮೂಲ ಉಪಾಯ ಬದಲಾಗಿಲ್ಲ.

ಮೊದಲ ಫ್ರೇಮ್

ಮೊದಲನೆಯ ಚಿತ್ರಕ್ಕೆ ಹಿಂದಿನದೆನ್ನುವುದು ಇಲ್ಲ. ಹಾಗಾಗಿ ಅದನ್ನು ತನ್ನಷ್ಟಕ್ಕೆ ತಾನೇ ಪೂರ್ತಿಯಾಗಿ ಬರೆಯಬೇಕು. ಇದೇ ಕೀಫ್ರೇಮ್. ಎಂಜಿನಿಯರುಗಳು ಐ-ಫ್ರೇಮ್ ಎನ್ನುವುದೂ ಇದನ್ನೇ. ಬೇರೆ ಯಾವ ಫ್ರೇಮ್‌ನ ನೆರವೂ ಇಲ್ಲದೆ ಬಿಡಿಸಬಹುದಾದ ಫ್ರೇಮ್ ಇದೊಂದೇ.

ಪೂರ್ತಿ ಎಂದರೆ 6.2 ಎಂಬಿ ಎಂದಲ್ಲ. ಮೊದಲಿಗೆ ಬಣ್ಣವನ್ನು ಬೆಳಕಿನಿಂದ ಬೇರ್ಪಡಿಸುತ್ತಾರೆ. ನಮ್ಮ ಕಣ್ಣು ಬೆಳಕು-ಕತ್ತಲೆಯ ಗೆರೆಗಳನ್ನು ಗುರುತಿಸುವಷ್ಟು ಚುರುಕಾಗಿ ಬಣ್ಣದ ಗೆರೆಗಳನ್ನು ಗುರುತಿಸಲಾರದು. ಅದಕ್ಕೇ ಬೆಳಕಿನ ಮಾಹಿತಿಯನ್ನು ಪ್ರತಿ ಪಿಕ್ಸೆಲ್‌ಗೂ ಉಳಿಸಿಕೊಂಡು, ಬಣ್ಣದ ಮಾಹಿತಿಯನ್ನು ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಇಟ್ಟುಕೊಳ್ಳುತ್ತಾರೆ. ಇಷ್ಟರಲ್ಲೇ ಅರ್ಧ ಭಾರ ಇಳಿಯುತ್ತದೆ. ನೀಲಿ ಹಿನ್ನೆಲೆಯ ಮೇಲಿನ ಸಣ್ಣ ಕೆಂಪು ಅಕ್ಷರಗಳ ಅಂಚು ವಿಡಿಯೊದಲ್ಲಿ ಸದಾ ಮಸುಕಾಗಿ ಕಾಣುವುದಕ್ಕೆ ಈ ಕಡಿತವೇ ಕಾರಣ.

ಆಮೇಲೆ ಚಿತ್ರವನ್ನು 16 x 16 ಪಿಕ್ಸೆಲ್‌ಗಳ ಚೌಕಗಳಾಗಿ ಹೋಳು ಮಾಡುತ್ತಾರೆ. ಈ ಚೌಕಕ್ಕೆ ಬ್ಲಾಕ್ ಎನ್ನೋಣ. 1080 ಎಂಬುದು 16ರಿಂದ ಸಮನಾಗಿ ಭಾಗವಾಗುವುದಿಲ್ಲವಾದ್ದರಿಂದ ಎನ್‌ಕೋಡರ್ ಕೆಳಗೆ ಎಂಟು ಸಾಲು ಸೇರಿಸಿಕೊಂಡು 1088 ಮಾಡಿಕೊಳ್ಳುತ್ತದೆ. ತೋರಿಸುವಾಗ ಅದನ್ನು ಕತ್ತರಿಸುತ್ತಾರೆ. ಹೀಗೆ ಒಂದು ಫ್ರೇಮ್‌ನಲ್ಲಿ 8,160 ಬ್ಲಾಕ್‌ಗಳು. ಕೀಫ್ರೇಮ್‌ನೊಳಗೂ ಊಹೆ ನಡೆಯುತ್ತದೆ. ಎಡಕ್ಕೆ ಮತ್ತು ಮೇಲಕ್ಕೆ ಇರುವ ಬ್ಲಾಕ್‌ಗಳು ಆಗಲೇ ಗೊತ್ತಿರುವುದರಿಂದ, ಅವುಗಳ ಅಂಚಿನ ಬಣ್ಣವನ್ನೇ ಮುಂದಕ್ಕೆ ಎಳೆದು ಈ ಬ್ಲಾಕ್ ಹೀಗಿರಬಹುದು ಎಂದು ಲೆಕ್ಕ ಹಾಕುತ್ತದೆ. ಆಕಾಶ, ಸುಣ್ಣ ಬಳಿದ ಗೋಡೆ ಇಂಥ ಕಡೆ ಈ ಊಹೆ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಮರದ ಎಲೆಗಳ ಹತ್ತಿರ ಎಡವುತ್ತದೆ.

ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನು ಬರೆಯುವ ಬಗೆ ಬಹಳ ಸೊಗಸಾದದ್ದು. ಅದರ ಹಿಂದೆ ಬೆಂಗಳೂರಿನವರೊಬ್ಬರ ಕೆಲಸವಿದೆ. ನಾಸಿರ್ ಅಹಮದ್ ಹುಟ್ಟಿದ್ದು ಬೆಂಗಳೂರಿನಲ್ಲಿ, ಎಂಜಿನಿಯರಿಂಗ್ ಓದಿದ್ದು ಈಗ ನಾವು ಯುವಿಸಿಇ ಎಂದು ಕರೆಯುವ ಕಾಲೇಜಿನಲ್ಲಿ. 1961ರಲ್ಲಿ ಪದವಿ ಮುಗಿಸಿ ಅಮೆರಿಕಕ್ಕೆ ಹೋದರು. 1972ರಲ್ಲಿ ಒಂದು ಹೊಸ ಗಣಿತ ರೂಪಾಂತರದ ಮೇಲೆ ಕೆಲಸ ಮಾಡಲು ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಅರ್ಜಿ ಹಾಕಿದರು. ವಿಚಾರ ತೀರಾ ಸರಳವಾಯಿತು ಎಂಬ ಅಭಿಪ್ರಾಯ ಬಂದು ಹಣ ಸಿಗಲಿಲ್ಲ. ಅವರು ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಪ್ರಕಟಿಸಿದ ಪುಟ್ಟ ಪ್ರಬಂಧದಲ್ಲಿ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ, ಜಗತ್ತಿಗೆ ಪರಿಚಯವಾಯಿತು. ಜೆಪೆಗ್ ಫೋಟೊ, ಡಿಜಿಟಲ್ ಟಿವಿ, ಇಂದಿನ ವಿಡಿಯೊ ಎಲ್ಲದರ ಹೊಟ್ಟೆಯಲ್ಲೂ ಅದರದ್ದೇ ಒಂದಲ್ಲ ಒಂದು ರೂಪ ಇದೆ. ಎಚ್.264 ಬಳಸುವುದು ಅದಕ್ಕೆ ಹತ್ತಿರವಾದ, ಪೂರ್ಣಾಂಕಗಳಲ್ಲೇ ಲೆಕ್ಕ ಮುಗಿಯುವ ರೂಪವನ್ನು. ತರಗತಿಯಲ್ಲಿ ಕೊಸೈನ್ ಗ್ರಾಫ್ ಬಿಡಿಸಿ ಇದರಿಂದ ಏನುಪಯೋಗ ಎಂದು ಕೇಳುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಈ ಕಥೆ ಗೊತ್ತಿರಬೇಕು ಎಂದು ನನಗನ್ನಿಸುತ್ತದೆ.

ಡಿಸಿಟಿ ಮಾಡುವುದು ಇಷ್ಟು. 8 x 8ರ ಒಂದು ಚೌಕದಲ್ಲಿ 64 ಸಂಖ್ಯೆಗಳಿವೆ. ಅವನ್ನು ಪಿಕ್ಸೆಲ್ ಪಿಕ್ಸೆಲ್ಲಾಗಿ ಹೇಳುವ ಬದಲು, ಮೊದಲೇ ಗೊತ್ತುಮಾಡಿಕೊಂಡ 64 ವಿನ್ಯಾಸಗಳಲ್ಲಿ ಯಾವುದು ಎಷ್ಟಿದೆ ಎಂದು ಹೇಳುತ್ತದೆ. ಮೊದಲ ವಿನ್ಯಾಸ ಚೌಕದ ಸರಾಸರಿ ಬೆಳಕು. ಆಮೇಲಿನವು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಏರಿಳಿಯುವ ಅಲೆಗಳು. ಕೊನೆಕೊನೆಯವು ತೀರಾ ಒತ್ತೊತ್ತಾದ ಪಟ್ಟೆಗಳು. ಇದರಿಂದ ಲೆಕ್ಕಕ್ಕೆ 64 ಸಂಖ್ಯೆ 64 ಆಗಿಯೇ ಉಳಿಯುತ್ತದೆ, ಏನೂ ಕಡಿಮೆಯಾಗುವುದಿಲ್ಲ. ಆದರೆ ನಿಜಜೀವನದ ಚಿತ್ರಗಳಲ್ಲಿ ಮೊದಲ ಕೆಲವು ಸಂಖ್ಯೆಗಳು ಮಾತ್ರ ದೊಡ್ಡದಾಗಿರುತ್ತವೆ, ಉಳಿದವು ಸೊನ್ನೆಯ ಆಸುಪಾಸಿನಲ್ಲಿರುತ್ತವೆ.

ಕಡಿಮೆ ಮಾಡುವ ಕೆಲಸ ನಡೆಯುವುದು ಅದರ ಮುಂದಿನ ಹೆಜ್ಜೆಯಲ್ಲಿ. ಒಂದು ಚೌಕದ ಮೊದಲ ಆರು ಸಂಖ್ಯೆಗಳು 83, 21, -7, 4, 2, -1 ಎಂದಿರಲಿ. ಎಲ್ಲವನ್ನೂ 10ರಿಂದ ಭಾಗಿಸಿ ಹತ್ತಿರದ ಪೂರ್ಣಾಂಕಕ್ಕೆ ತಂದರೆ 8, 2, -1, 0, 0, 0 ಸಿಗುತ್ತದೆ. ಬಿಡಿಸುವವನು ಅದನ್ನು 10ರಿಂದ ಗುಣಿಸಿ 80, 20, -10, 0, 0, 0 ಎಂದು ಓದಿಕೊಳ್ಳುತ್ತಾನೆ. ಭಾಗಿಸುವ ಸಂಖ್ಯೆಯನ್ನು 20ಕ್ಕೆ ಏರಿಸಿದರೆ ಉಳಿಯುವುದು 4, 1, 0, 0, 0, 0. ಸೊನ್ನೆಗಳ ಉದ್ದನೆಯ ಸಾಲನ್ನು ‘ಇನ್ನು ಮುಂದೆಲ್ಲ ಸೊನ್ನೆ’ ಎಂಬ ಒಂದೇ ಸೂಚನೆಯಲ್ಲಿ ಮುಗಿಸಬಹುದು. ವಿಡಿಯೊ ಕುಗ್ಗಿಸುವಿಕೆಯಲ್ಲಿ ಗುಣಮಟ್ಟದ ನಷ್ಟ ಬಹುಮಟ್ಟಿಗೆ ಈ ಒಂದು ಭಾಗಾಕಾರದಲ್ಲೇ ಆಗುತ್ತದೆ. ಕಳೆದುಹೋದ ಆ 4 ಮತ್ತು 2 ಮತ್ತೆ ಬರುವುದಿಲ್ಲ. ಎಚ್.264ರಲ್ಲಿ ಇದನ್ನು ನಿಯಂತ್ರಿಸಲು 0ಯಿಂದ 51ರವರೆಗಿನ ಒಂದು ಮಾಪಕವಿದೆ. ಅದು ಆರು ಏರಿದಾಗಲೆಲ್ಲ ಭಾಗಿಸುವ ಸಂಖ್ಯೆ ಇಮ್ಮಡಿಯಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ನಮ್ಮ ಬಸ್ಸಿನ ಕೀಫ್ರೇಮ್ 150 ಕೆಬಿಗೆ ಇಳಿಯಿತು ಎಂದು ಇಟ್ಟುಕೊಳ್ಳೋಣ. ದೃಶ್ಯಕ್ಕೆ ತಕ್ಕಂತೆ ಈ ಅಂಕಿ ಹೆಚ್ಚುಕಡಿಮೆಯಾಗುತ್ತದೆ, ಆದರೆ ಲೆಕ್ಕಕ್ಕೆ ಸಾಕು. 300 ಫ್ರೇಮ್‌ಗಳನ್ನೂ ಹೀಗೆಯೇ ಬರೆದರೆ 45 ಎಂಬಿ ಆದೀತು. ನಮ್ಮ ಬಳಿ ಇರುವುದು 5 ಎಂಬಿ ಮಾತ್ರ.

ಬಸ್ಸು ನಾಲ್ಕು ಪಿಕ್ಸೆಲ್ ಚಲಿಸಿದಾಗ

ಎರಡನೆಯ ಫ್ರೇಮ್ ಬಂತು. ಒಂದರ ಮೂವತ್ತು ಪಾಲು ಸೆಕೆಂಡಿನಲ್ಲಿ ಗೋಡೆ ಎಲ್ಲಿಗೂ ಹೋಗಿಲ್ಲ, ಆಕಾಶವೂ ಹೋಗಿಲ್ಲ. ಆ ಬ್ಲಾಕ್‌ಗಳಿಗೆಲ್ಲ ಎನ್‌ಕೋಡರ್ ‘ಹಿಂದಿನ ಫ್ರೇಮ್‌ನಲ್ಲಿ ಇದ್ದದ್ದೇ ಇರಲಿ’ ಎಂದು ಬರೆದು ಮುಂದೆ ಹೋಗುತ್ತದೆ. ಇದಕ್ಕೆ ಸ್ಕಿಪ್ ಎಂದು ಹೆಸರು. ಸಾಲಾಗಿ ನೂರಾರು ಬ್ಲಾಕ್‌ಗಳನ್ನು ಹೀಗೆ ದಾಟಿಸಲು ಕೆಲವೇ ಬಿಟ್ ಸಾಕು.

ಬಸ್ಸಿನ ಬ್ಲಾಕ್‌ಗಳು ಹಾಗಲ್ಲ. ಬಸ್ಸು ಬಲಕ್ಕೆ 4 ಪಿಕ್ಸೆಲ್ ಸರಿದಿದೆ. ಆದರೆ ಎನ್‌ಕೋಡರ್‌ಗೆ ಬಸ್ಸೆಂದರೆ ಏನೆಂದೇ ಗೊತ್ತಿಲ್ಲ. ಅದು ಮಾಡುವುದು ಹುಡುಕಾಟ: ಈ ಬ್ಲಾಕ್‌ನಂತೆಯೇ ಕಾಣುವ ತುಂಡು ಹಿಂದಿನ ಫ್ರೇಮ್‌ನಲ್ಲಿ ಎಲ್ಲಾದರೂ ಇದೆಯೇ?

ಕೈಯಲ್ಲೇ ಮಾಡಿ ನೋಡೋಣ. ಸುಲಭವಾಗಲೆಂದು ಒಂದೇ ಸಾಲು, ಬರೀ ಬೆಳಕಿನ ಅಳತೆ. ಹಿಂದಿನ ಫ್ರೇಮ್‌ನ ಆ ಸಾಲಿನಲ್ಲಿ ಹನ್ನೆರಡು ಪಿಕ್ಸೆಲ್‌ಗಳು ಹೀಗಿವೆ:

```
40 41 40 40 180 200 190 60 40 40 41 40
```

ಹೊಸ ಫ್ರೇಮ್‌ನಲ್ಲಿ 9ರಿಂದ 12ನೆಯ ಜಾಗದಲ್ಲಿರುವ ನಾಲ್ಕು ಪಿಕ್ಸೆಲ್‌ಗಳು:

```
181 199 190 61
```

ಅದೇ ಜಾಗದಲ್ಲಿ ಹಿಂದೆ ಇದ್ದದ್ದು 40, 40, 41, 40. ಒಂದೊಂದರ ವ್ಯತ್ಯಾಸ 141, 159, 149, 21, ಕೂಡಿದರೆ 470. ಹೊಂದಿಕೆ ಇಲ್ಲವೇ ಇಲ್ಲ. ಒಂದು ಪಿಕ್ಸೆಲ್ ಎಡಕ್ಕೆ ಸರಿದು ಹೋಲಿಸಿದರೆ ಮೊತ್ತ 450. ಮೂರು ಪಿಕ್ಸೆಲ್ ಎಡಕ್ಕೆ ಹೋದರೆ 179. ನಾಲ್ಕು ಎಡಕ್ಕೆ ಹೋದರೆ ಸಿಗುವುದು 180, 200, 190, 60. ವ್ಯತ್ಯಾಸ 1, 1, 0, 1, ಮೊತ್ತ ಬರೀ 3. ಐದಕ್ಕೆ ಹೋದರೆ ಮತ್ತೆ 299ಕ್ಕೆ ಏರುತ್ತದೆ. ಸಿಕ್ಕಿತು. ಈಗ ಫೈಲಿನಲ್ಲಿ ಬರೆಯಬೇಕಾದದ್ದು ಎರಡೇ ಮಾತು: ‘ನಾಲ್ಕು ಪಿಕ್ಸೆಲ್ ಎಡಗಡೆಯಿಂದ ತಂದು ಅಂಟಿಸು’, ಆಮೇಲೆ ‘+1, -1, 0, +1 ತಿದ್ದು’. ಮೊದಲನೆಯದು ಮೋಷನ್ ವೆಕ್ಟರ್. ಎರಡನೆಯದು ಊಹೆಯ ತಪ್ಪು, ನಾವು ಉಳಿಕೆ ಎನ್ನೋಣ. ಉಳಿಕೆಯೂ ಡಿಸಿಟಿ ಮತ್ತು ಭಾಗಾಕಾರದ ಮೂಲಕವೇ ಹಾದುಹೋಗಬೇಕು. ಇಷ್ಟು ಚಿಕ್ಕ ಸಂಖ್ಯೆಗಳು ಅಲ್ಲಿ ಸಾಮಾನ್ಯವಾಗಿ ಸೊನ್ನೆಯಾಗಿಬಿಡುತ್ತವೆ. ಪಕ್ಕದ ಬ್ಲಾಕ್ ಕೂಡ ಅದೇ ಬಸ್ಸಿನದು, ಅದರ ವೆಕ್ಟರೂ ಅದೇ. ಹಾಗಾಗಿ ವೆಕ್ಟರನ್ನೂ ಅಕ್ಕಪಕ್ಕದ ಬ್ಲಾಕ್‌ಗಳಿಂದ ಊಹಿಸಿ ವ್ಯತ್ಯಾಸ ಮಾತ್ರ ಬರೆಯುತ್ತಾರೆ. ಅದೂ ಬಹುತೇಕ ಸೊನ್ನೆ. ಹೀಗೆ ಹಿಂದಿನದನ್ನು ನೋಡಿ ಕಟ್ಟಿದ ಫ್ರೇಮ್‌ಗೆ ಪಿ-ಫ್ರೇಮ್ ಎನ್ನುತ್ತಾರೆ.

ಬಸ್ಸು ಪೂರ್ಣಾಂಕದಷ್ಟೇ ಪಿಕ್ಸೆಲ್ ಸರಿಯಬೇಕೆಂಬ ಕಟ್ಟಳೆಯೇನೂ ಇಲ್ಲ. ಅದಕ್ಕಾಗಿ ಪಿಕ್ಸೆಲ್‌ಗಳ ನಡುವಿನ ಬೆಲೆಗಳನ್ನು ಲೆಕ್ಕಹಾಕಿ, ಕಾಲು ಪಿಕ್ಸೆಲ್‌ನಷ್ಟು ಸೂಕ್ಷ್ಮವಾಗಿ ವೆಕ್ಟರ್ ಕೊಡಲು ಎಚ್.264 ಅವಕಾಶ ಕೊಡುತ್ತದೆ.

ಈ ಹುಡುಕಾಟವೇ ಎನ್‌ಕೋಡರ್‌ನ ಬೆವರಿಳಿಸುವ ಕೆಲಸ. ಸುತ್ತ 16 ಪಿಕ್ಸೆಲ್ ದೂರದವರೆಗೆ ಎಲ್ಲ ಜಾಗಗಳನ್ನೂ ನೋಡುವುದಾದರೆ 33 x 33, ಅಂದರೆ 1,089 ಜಾಗಗಳು. ಒಂದೊಂದು ಕಡೆಯೂ 256 ಪಿಕ್ಸೆಲ್‌ಗಳ ಹೋಲಿಕೆ. 8,160 ಬ್ಲಾಕ್‌ಗಳಿಗೆ ಗುಣಿಸಿದರೆ ಒಂದು ಫ್ರೇಮ್‌ಗೆ 227 ಕೋಟಿ ವ್ಯವಕಲನ, ಸೆಕೆಂಡಿಗೆ 6,800 ಕೋಟಿಗೂ ಹೆಚ್ಚು. ಇಷ್ಟನ್ನು ಯಾರೂ ಮಾಡುವುದಿಲ್ಲ. ಪಕ್ಕದ ಬ್ಲಾಕ್‌ನ ವೆಕ್ಟರ್ ಎಲ್ಲಿ ತೋರಿಸುತ್ತಿದೆಯೋ ಅಲ್ಲಿಂದ ಶುರುಮಾಡಿ, ಸುತ್ತಲಿನ ನಾಲ್ಕಾರು ಜಾಗ ನೋಡಿ, ಮೊತ್ತ ಎತ್ತ ಇಳಿಯುತ್ತದೆಯೋ ಅತ್ತ ಹೆಜ್ಜೆ ಹಾಕುವುದು ಬಳಕೆಯ ರೀತಿ. ಅತ್ಯುತ್ತಮ ಹೊಂದಿಕೆ ತಪ್ಪಿಹೋಗುವ ಸಾಧ್ಯತೆ ಇದ್ದೇ ಇದೆ. ತಪ್ಪಿದರೆ ಚಿತ್ರವೇನೂ ಕೆಡುವುದಿಲ್ಲ, ಉಳಿಕೆ ದೊಡ್ಡದಾಗಿ ಬಿಟ್ ಹೆಚ್ಚು ಖರ್ಚಾಗುತ್ತದೆ ಅಷ್ಟೆ. ಮಾನದಂಡ ಕಟ್ಟುನಿಟ್ಟಾಗಿ ಹೇಳುವುದು ಡಿಕೋಡರ್ ಹೇಗೆ ನಡೆದುಕೊಳ್ಳಬೇಕೆಂದು ಮಾತ್ರ. ಎನ್‌ಕೋಡರ್ ಹೇಗೆ ಹುಡುಕಬೇಕು ಎಂಬುದು ಅದನ್ನು ಬರೆಯುವವರ ಜಾಣ್ಮೆಗೆ ಬಿಟ್ಟ ವಿಷಯ. ಆದ್ದರಿಂದಲೇ ಅದೇ ಎಚ್.264, ಅದೇ ಬಿಟ್‌ರೇಟ್ ಇದ್ದರೂ, ಚಿತ್ರೀಕರಿಸುತ್ತಲೇ ಅವಸರದಲ್ಲಿ ಮಾಡಿದ ಫೈಲಿಗಿಂತ ಕಂಪ್ಯೂಟರಿನಲ್ಲಿ ಸಾವಧಾನವಾಗಿ ಮಾಡಿದ ಫೈಲು ಚೆನ್ನಾಗಿ ಕಾಣುತ್ತದೆ.

ಒಂದು ಸೂಕ್ಷ್ಮವಿದೆ, ಪಠ್ಯಪುಸ್ತಕಗಳು ಇದನ್ನು ಬೇಗ ದಾಟಿಬಿಡುತ್ತವೆ. ಎನ್‌ಕೋಡರ್ ಹೋಲಿಸಿ ನೋಡಬೇಕಾದದ್ದು ಕ್ಯಾಮೆರಾ ಕೊಟ್ಟ ಮೂಲ ಹಿಂದಿನ ಫ್ರೇಮ್‌ನೊಂದಿಗೆ ಅಲ್ಲ. ನೋಡುಗನ ಮೊಬೈಲಿನಲ್ಲಿ ಆ ಮೂಲ ಇಲ್ಲವಲ್ಲ! ಅಲ್ಲಿರುವುದು ಭಾಗಾಕಾರದಲ್ಲಿ ಸ್ವಲ್ಪ ಸವೆದ ಪ್ರತಿ. ಹಾಗಾಗಿ ಪ್ರತಿ ಎನ್‌ಕೋಡರ್‌ನೊಳಗೂ ಒಂದು ಡಿಕೋಡರ್ ಕುಳಿತಿರುತ್ತದೆ. ತಾನು ಬರೆದದ್ದನ್ನು ತಾನೇ ಬಿಡಿಸಿ, ನೋಡುಗನಿಗೆ ಕಾಣುವ ಸವೆದ ಪ್ರತಿಯನ್ನು ಕಟ್ಟಿಕೊಂಡು, ಅದರಿಂದಲೇ ಮುಂದಿನ ಊಹೆ ಮಾಡುತ್ತದೆ. ಹೀಗೆ ಮಾಡದಿದ್ದರೆ ಎರಡೂ ಕಡೆಯ ಚಿತ್ರಗಳು ಫ್ರೇಮ್‌ನಿಂದ ಫ್ರೇಮ್‌ಗೆ ಸ್ವಲ್ಪಸ್ವಲ್ಪವೇ ಬೇರೆಯಾಗುತ್ತ, ಕೊನೆಗೆ ನೋಡುಗನ ಬಸ್ಸು ಗುರುತೇ ಸಿಗದಂತಾಗುತ್ತಿತ್ತು.

ಇನ್ನು ಬಸ್ಸಿನ ಹಿಂಬದಿಗೆ ಬನ್ನಿ. ಬಸ್ಸು ಮುಂದೆ ಹೋದಂತೆ ಅದು ಮರೆಮಾಡಿದ್ದ ಗೋಡೆಯ ಪಟ್ಟಿಯೊಂದು ಹೊಸದಾಗಿ ತೆರೆದುಕೊಳ್ಳುತ್ತದೆ. ಹಿಂದಿನ ಯಾವ ಫ್ರೇಮ್‌ನಲ್ಲೂ ಆ ಪಟ್ಟಿ ಇರಲಿಲ್ಲ. ಅದನ್ನು ಎಲ್ಲಿಂದ ತರುವುದು? ಮುಂದಿನ ಫ್ರೇಮ್‌ನಿಂದ! ಎನ್‌ಕೋಡರ್ ಮೊದಲು ನಾಲ್ಕನೆಯ ಫ್ರೇಮನ್ನು ಬರೆದು, ಆಮೇಲೆ ಹಿಂತಿರುಗಿ ಎರಡನೆಯದನ್ನೂ ಮೂರನೆಯದನ್ನೂ ಬರೆಯುತ್ತದೆ. ಆಗ ಅವಕ್ಕೆ ಹಿಂದೆಯೂ ಮುಂದೆಯೂ ಆಧಾರ ಸಿಗುತ್ತದೆ. ಇವು ಬಿ-ಫ್ರೇಮ್‌ಗಳು. ಮೂರು ಬಗೆಗಳಲ್ಲಿ ಸಾಮಾನ್ಯವಾಗಿ ಅತಿ ಚಿಕ್ಕವು ಇವೇ. ಆದರೆ ನಾಲ್ಕನೆಯ ಫ್ರೇಮ್ ಬರುವವರೆಗೆ ಎರಡನೆಯದನ್ನು ತೋರಿಸಲಾಗದು, ಅಷ್ಟು ಹೊತ್ತು ಕಾಯಬೇಕು. ಸಿನಿಮಾ ನೋಡುವವರಿಗೆ ಇದು ಲೆಕ್ಕಕ್ಕಿಲ್ಲ. ವಿಡಿಯೊ ಕರೆಯಲ್ಲಿ ಮಾತಾಡುವವರಿಗೆ ಪ್ರತಿ ಕ್ಷಣವೂ ಮುಖ್ಯ; ಅದಕ್ಕೇ ಅಲ್ಲಿ ಬಿ-ಫ್ರೇಮ್‌ಗಳನ್ನು ಸಾಮಾನ್ಯವಾಗಿ ದೂರ ಇಡುತ್ತಾರೆ.

ಬಿಟ್‌ರೇಟ್ ಎಂಬ ಸಂಬಳ

ಸೆಕೆಂಡಿಗೆ ಎಷ್ಟು ಬಿಟ್ ಖರ್ಚು ಮಾಡಬಹುದು ಎಂಬ ಮಿತಿಯೇ ಬಿಟ್‌ರೇಟ್. ಬಿಟ್‌ಗೂ ಬೈಟ್‌ಗೂ ಎಂಟು ಪಟ್ಟು ವ್ಯತ್ಯಾಸ ಎಂಬುದನ್ನು ಮರೆಯಬಾರದು. 4 ಮೆಗಾಬಿಟ್ ಎಂದರೆ ಅರ್ಧ ಮೆಗಾಬೈಟ್. ಆ ದರದಲ್ಲಿ ಒಂದು ಜಿಬಿ ಡೇಟಾ ಸುಮಾರು 33 ನಿಮಿಷದಲ್ಲಿ ಮುಗಿಯುತ್ತದೆ. ಫುಲ್ ಎಚ್‌ಡಿ, ಫೋರ್‌ಕೆ ಎಂಬ ಹೆಸರುಗಳು ಪಿಕ್ಸೆಲ್ ಎಷ್ಟಿದೆ ಎಂದು ಹೇಳುತ್ತವೆಯೇ ಹೊರತು ಆ ಪಿಕ್ಸೆಲ್‌ಗಳಿಗೆ ಎಷ್ಟು ಬಿಟ್ ಸಿಕ್ಕಿತು ಎಂದು ಹೇಳುವುದಿಲ್ಲ. ಬಡ ಬಿಟ್‌ರೇಟ್‌ನ ಫುಲ್ ಎಚ್‌ಡಿಗಿಂತ, ಅದೇ ಬಿಟ್‌ಗಳನ್ನು ಕಡಿಮೆ ಪಿಕ್ಸೆಲ್‌ಗೆ ಹಂಚಿದ 720ರ ವಿಡಿಯೊ ಎಷ್ಟೋ ಸಲ ಕಣ್ಣಿಗೆ ಹಿತವಾಗಿರುತ್ತದೆ.

ತಿಂಗಳ ಸಂಬಳದಲ್ಲಿ ಮೊದಲು ಮನೆ ಬಾಡಿಗೆ ಹೋಗುವಂತೆ ಇಲ್ಲಿ ಮೊದಲು ಕೀಫ್ರೇಮ್‌ನ ಪಾಲು ಹೋಗುತ್ತದೆ. ನಮ್ಮ ಲೆಕ್ಕಕ್ಕೇ ಬರೋಣ. ಎರಡು ಸೆಕೆಂಡಿಗೊಂದು ಕೀಫ್ರೇಮ್ ಇಟ್ಟರೆ 60 ಫ್ರೇಮ್‌ಗಳಿಗೆ ಸಿಗುವುದು 1,000 ಕೆಬಿ. ಅದರಲ್ಲಿ 150 ಕೀಫ್ರೇಮ್‌ಗೆ ಹೋಗಿ, ಉಳಿದ 59 ಫ್ರೇಮ್‌ಗಳಿಗೆ ತಲಾ 14 ಕೆಬಿ ಚಿಲ್ಲರೆ ಉಳಿಯುತ್ತದೆ. ಅರ್ಧ ಸೆಕೆಂಡಿಗೊಂದು ಇಟ್ಟರೆ ಕೈಯಲ್ಲಿರುವುದು 250 ಕೆಬಿ. 150 ಕಳೆದು ಮಿಕ್ಕ 14 ಫ್ರೇಮ್‌ಗಳಿಗೆ ತಲಾ 7 ಕೆಬಿ. ಅರ್ಧಕ್ಕರ್ಧ ಇಳಿಯಿತು. ಹತ್ತು ಸೆಕೆಂಡಿಗೂ ಒಂದೇ ಕೀಫ್ರೇಮ್ ಇಟ್ಟರೆ ತಲಾ 16 ಕೆಬಿ ಸಿಗುತ್ತದೆ, ಎರಡು ಸೆಕೆಂಡಿನ ಲೆಕ್ಕಕ್ಕಿಂತ ದೊಡ್ಡ ಲಾಭವೇನೂ ಇಲ್ಲ. ಕೀಫ್ರೇಮ್‌ಗಳನ್ನು ತೀರಾ ಹತ್ತಿರ ಇಡುವುದು ದುಬಾರಿ, ತೀರಾ ದೂರ ಇಡುವುದರಿಂದ ಸಿಗುವ ಉಳಿತಾಯ ಅಲ್ಪ.

ಅಲ್ಪ ಉಳಿತಾಯಕ್ಕೆ ತೆರಬೇಕಾದ ಬೆಲೆ ಬೇರೆ ಕಡೆ ಇದೆ. ನೀವು ವಿಡಿಯೊದ ನಡುವೆ ಎಲ್ಲೋ ಬೆರಳಿಟ್ಟು ಜಿಗಿದಾಗ ಪ್ಲೇಯರ್ ಅಲ್ಲಿಂದಲೇ ಶುರುಮಾಡಲಾರದು. ಅದಕ್ಕೂ ಹಿಂದಿನ ಕೀಫ್ರೇಮ್‌ಗೆ ಹೋಗಿ, ಅಲ್ಲಿಂದ ಬೇಕಾದ ಫ್ರೇಮ್‌ಗಳನ್ನೆಲ್ಲ ಬಿಡಿಸುತ್ತ ಬರಬೇಕು. ಕೆಲವು ಪ್ಲೇಯರ್‌ಗಳು ಆ ಗೋಜಿಗೆ ಹೋಗದೆ ಕೀಫ್ರೇಮ್‌ನಲ್ಲೇ ನಿಂತುಬಿಡುತ್ತವೆ. ನೀವು ಬಿಟ್ಟ ಜಾಗ ಒಂದು, ಅದು ತೆರೆದ ಜಾಗ ಇನ್ನೊಂದು ಆಗುವುದು ಹೀಗೆ. ಮತ್ತೆ ಎನ್‌ಕೋಡ್ ಮಾಡದೆ ವಿಡಿಯೊ ಕತ್ತರಿಸುವ ಆ್ಯಪ್‌ಗಳೂ ಕೀಫ್ರೇಮ್ ಇದ್ದಲ್ಲಿಂದಷ್ಟೇ ಸ್ವಚ್ಛವಾಗಿ ಶುರುಮಾಡಬಲ್ಲವು. ಆನ್‌ಲೈನ್ ವಿಡಿಯೊಗಳನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ, ಪ್ರತಿ ತುಂಡನ್ನೂ ಹಲವು ಬಿಟ್‌ರೇಟ್‌ಗಳಲ್ಲಿ ತಯಾರಿಸಿಟ್ಟಿರುತ್ತಾರೆ. ಪ್ರತಿ ತುಂಡೂ ಕೀಫ್ರೇಮ್‌ನಿಂದ ಶುರುವಾಗುತ್ತದೆ. ನೆಟ್‌ವರ್ಕ್ ಸುಧಾರಿಸಿದರೂ ಮಸುಕು ಚಿತ್ರ ತಕ್ಷಣ ತಿಳಿಯಾಗದೆ, ಕೆಲವು ಸೆಕೆಂಡು ಬಿಟ್ಟು ಒಮ್ಮೆಲೇ ಸ್ಪಷ್ಟವಾಗುತ್ತದಲ್ಲ, ಅದು ಹೊಸ ತುಂಡು ಶುರುವಾದ ಗಳಿಗೆ.

ಊಹೆ ಸೋಲುವ ದೃಶ್ಯಗಳು

ಸ್ಟ್ಯಾಂಡ್ ತೆಗೆದು ಮೊಬೈಲನ್ನು ಕೈಯಲ್ಲಿ ಹಿಡಿದುಕೊಳ್ಳಿ. ಈಗ ಗೋಡೆ, ಆಕಾಶ ಎಲ್ಲವೂ ಪ್ರತಿ ಫ್ರೇಮ್‌ನಲ್ಲಿ ತುಸು ಅಲುಗುತ್ತವೆ. ಸ್ಕಿಪ್ ಆಗುತ್ತಿದ್ದ ಬ್ಲಾಕ್‌ಗಳಲ್ಲಿ ಎಷ್ಟೋ ಈಗ ವೆಕ್ಟರ್ ಕೇಳುತ್ತವೆ. ಆದರೂ ಕೈಯ ಅಲುಗಾಟವನ್ನು ಬ್ಲಾಕ್‌ಗಳು ತಕ್ಕಮಟ್ಟಿಗೆ ನಿಭಾಯಿಸುತ್ತವೆ, ಏಕೆಂದರೆ ಎಲ್ಲವೂ ಒಂದೇ ಕಡೆಗೆ ಸರಿಯುತ್ತವೆ. ಜೂಮ್ ಮಾಡಿದರೆ ಕಷ್ಟ ಹೆಚ್ಚುತ್ತದೆ. ಎಚ್.264ರ ಬ್ಲಾಕ್‌ಗೆ ಸರಿಯುವುದು ಗೊತ್ತು, ಹಿಗ್ಗುವುದು, ತಿರುಗುವುದು ಗೊತ್ತಿಲ್ಲ. ಬಸ್ಸಿನ ಚಕ್ರ ತಿರುಗುವುದನ್ನೂ ಅದು ಸಣ್ಣಸಣ್ಣ ಸರಿದಾಟಗಳಾಗಿ ಒಡೆದೇ ತೋರಿಸಬೇಕು.

ಜೋರು ಮಳೆ, ಚಿಮ್ಮುವ ಕಾರಂಜಿ, ಮೆರವಣಿಗೆಯಲ್ಲಿ ಎರಚಿದ ಹೂವಿನ ಎಸಳು, ಗಾಳಿಗೆ ಕುಣಿಯುವ ಸಾವಿರಾರು ಎಲೆಗಳು: ಇವು ನಿಜವಾದ ಶತ್ರುಗಳು. ಹದಿನಾರು ಪಿಕ್ಸೆಲ್ ಚೌಕದೊಳಗೆ ಹತ್ತು ಕಡೆಗೆ ಹತ್ತು ಚಲನೆ ಇರುವಾಗ ಹಿಂದಿನ ಫ್ರೇಮ್‌ನಲ್ಲಿ ಎಲ್ಲಿ ಹುಡುಕಿದರೂ ಹೊಂದಿಕೆ ಸಿಗುವುದಿಲ್ಲ. ಉಳಿಕೆ ಉಬ್ಬುತ್ತದೆ. ಬಿಟ್‌ರೇಟ್‌ನ ಮಿತಿ ಅಷ್ಟೇ ಇದೆ. ಎನ್‌ಕೋಡರ್‌ಗೆ ಉಳಿದ ದಾರಿ ಒಂದೇ, ಭಾಗಿಸುವ ಸಂಖ್ಯೆಯನ್ನು ಏರಿಸುವುದು. ಆಗ ಬ್ಲಾಕ್‌ನ ಸೂಕ್ಷ್ಮ ವಿನ್ಯಾಸಗಳೆಲ್ಲ ಸೊನ್ನೆಯಾಗಿ, ಕೊನೆಗೆ ಸರಾಸರಿ ಬಣ್ಣ ಮಾತ್ರ ಉಳಿದು ಚಿತ್ರ ಚೌಕಚೌಕವಾಗಿ ಕಾಣುತ್ತದೆ. ಇಡೀ ತೆರೆ ಒಟ್ಟಿಗೆ ಚೌಕಳಿಯಾಗಿ, ದೃಶ್ಯ ಶಾಂತವಾದ ಕೂಡಲೇ ಸರಿಯಾದರೆ ಅದು ಬಿಟ್‌ರೇಟ್ ಸಾಲದ ಲಕ್ಷಣ.

ಇದನ್ನು ಹೋಲುವ ಇನ್ನೊಂದು ತೊಂದರೆಯ ಕಾರಣವೇ ಬೇರೆ. ದಾರಿಯಲ್ಲಿ ಸ್ವಲ್ಪ ಡೇಟಾ ಕಳೆದುಹೋದರೆ ಡಿಕೋಡರ್‌ನ ಕೈಯಲ್ಲಿರುವ ಹಿಂದಿನ ಫ್ರೇಮ್ ತಪ್ಪಾಗಿರುತ್ತದೆ. ಮುಂದಿನ ಸೂಚನೆಗಳೆಲ್ಲ ಸರಿಯಾಗಿಯೇ ಬಂದರೂ ಅವು ಆ ತಪ್ಪು ಚಿತ್ರದ ತುಂಡುಗಳನ್ನೇ ಸರಿಸುತ್ತ ಹೋಗುತ್ತವೆ. ಹೊಸ ದೃಶ್ಯದ ಮುಖದ ಚಲನೆಗೆ ಹಳೆಯ ದೃಶ್ಯದ ಗೋಡೆ ಎಳೆದಾಡಿದಂತೆ, ಬೂದುಬಣ್ಣ ಮೆತ್ತಿದಂತೆ ಕಾಣುತ್ತದೆ. ಇದು ಸಾಮಾನ್ಯವಾಗಿ ಮುಂದಿನ ಕೀಫ್ರೇಮ್ ಬಂದಾಗ ಒಂದೇ ಏಟಿಗೆ ಮಾಯವಾಗುತ್ತದೆ. ಕಲೆ ನಿಂತು ಹರಡಿ, ಆಮೇಲೆ ಥಟ್ಟನೆ ಅಳಿಸಿಹೋದರೆ ಡೇಟಾ ಕಳೆದಿದೆ ಎಂದು ತಿಳಿಯಬಹುದು.

ಮೂರನೆಯದು ಕತ್ತಲೆಯ ಸಮಸ್ಯೆ, ಚಿತ್ರೀಕರಿಸುವವರು ಬಹಳಷ್ಟು ಮಂದಿ ಗಮನಿಸದೇ ಇರುವುದು. ಬೆಳಕು ಕಡಿಮೆಯಾದಾಗ ಕ್ಯಾಮೆರಾದ ಸೆನ್ಸರ್‌ನಲ್ಲಿ ಕಾಳುಕಾಳಾದ ಗದ್ದಲ ಏಳುತ್ತದೆ. ಆ ಕಾಳುಗಳು ಪ್ರತಿ ಫ್ರೇಮ್‌ನಲ್ಲೂ ಹೊಸ ಜಾಗದಲ್ಲಿರುತ್ತವೆ, ಯಾವ ಊಹೆಗೂ ಸಿಗುವುದಿಲ್ಲ. ಎನ್‌ಕೋಡರ್‌ಗೆ ಇದು ಗದ್ದಲ, ಇದು ಗೋಡೆಯ ನಿಜವಾದ ಒರಟು ಎಂದು ಗೊತ್ತಾಗುವುದಿಲ್ಲ. ಬೆಲೆಯಿಲ್ಲದ ಕಾಳುಗಳಿಗೆ ಬೆಲೆಬಾಳುವ ಬಿಟ್‌ಗಳನ್ನು ಸುರಿಯುತ್ತದೆ, ನಟನ ಮುಖಕ್ಕೆ ಸಿಗಬೇಕಾದದ್ದು ಹಿಂದಿನ ಪರದೆಯ ಕತ್ತಲೆಗೆ ಹೋಗುತ್ತದೆ. ಕಾಲೇಜಿನ ನಾಟಕವನ್ನು ಚಿತ್ರೀಕರಿಸುವವರಿಗೆ ಬಿಟ್‌ರೇಟ್ ಏರಿಸುವುದಕ್ಕಿಂತ ರಂಗದ ಮೇಲೆ ಇನ್ನೆರಡು ದೀಪ ಹಾಕಿಸುವುದು, ಮೊಬೈಲಿಗೆ ಸ್ಟ್ಯಾಂಡ್ ಹುಡುಕುವುದು ಹೆಚ್ಚು ಉಪಕಾರಿ.

ಇಷ್ಟನ್ನು ನಿಮ್ಮ ಕಂಪ್ಯೂಟರಿನಲ್ಲೇ ನೋಡಬಹುದು. ಎಫ್ಎಫ್ಎಂಪೆಗ್ ಎಂಬ ಉಚಿತ ತಂತ್ರಾಂಶದ ಜೊತೆ ಬರುವ ಸಾಧನವೊಂದು ಫೈಲಿನ ಪ್ರತಿ ಫ್ರೇಮ್‌ನ ಬಗೆಯನ್ನೂ ಗಾತ್ರವನ್ನೂ ಪಟ್ಟಿ ಮಾಡುತ್ತದೆ:

```
ffprobe -v error -select_streams v:0 -show_entries frame=pict_type,pkt_size -of csv=p=0 bus.mp4
```

ಒಂದೊಂದು ಸಾಲಿನಲ್ಲೂ ಬೈಟ್‌ಗಳ ಸಂಖ್ಯೆ, ಪಕ್ಕದಲ್ಲಿ `I`, `P` ಅಥವಾ `B`. ದೊಡ್ಡ ಸಂಖ್ಯೆಯ `I` ಎಷ್ಟು ಸಾಲಿಗೊಮ್ಮೆ ಬರುತ್ತದೆ ಎಂದು ಎಣಿಸಿದರೆ ಕೀಫ್ರೇಮ್‌ಗಳ ಅಂತರ ತಿಳಿಯುತ್ತದೆ. ಬಳಿಕ ಅದೇ ತುಣುಕನ್ನು ಬೇರೆ ಅಂತರದಲ್ಲಿ ಮತ್ತೆ ಕುಗ್ಗಿಸಿ:

```
ffmpeg -i bus.mp4 -c:v libx264 -crf 23 -g 15 -an bus15.mp4
ffmpeg -i bus.mp4 -c:v libx264 -crf 23 -g 250 -an bus250.mp4
```

ಇಲ್ಲಿ `-g` ಎಂದರೆ ಹೆಚ್ಚೆಂದರೆ ಎಷ್ಟು ಫ್ರೇಮ್‌ಗೊಂದು ಕೀಫ್ರೇಮ್ ಎಂಬುದು. `-crf` ಎಂಬುದು ಬಿಟ್‌ರೇಟನ್ನು ಗೊತ್ತುಮಾಡದೆ, ಗುಣಮಟ್ಟವನ್ನು ಹೆಚ್ಚುಕಡಿಮೆ ಒಂದೇ ಸಮ ಇಡು, ಬಿಟ್ ಎಷ್ಟು ಬೇಕೋ ಅಷ್ಟು ತಗೋ ಎನ್ನುವ ಆದೇಶ. ಎರಡು ಫೈಲುಗಳ ಗಾತ್ರದ ವ್ಯತ್ಯಾಸ ಬಹುಪಾಲು ಹೆಚ್ಚುವರಿ ಕೀಫ್ರೇಮ್‌ಗಳ ಖರ್ಚು. ಇದನ್ನು ಸ್ಟ್ಯಾಂಡಿನ ಮೇಲೆ ತೆಗೆದ ಬಸ್ಸಿಗೊಮ್ಮೆ, ಮಳೆಯಲ್ಲಿ ಕೈಯಲ್ಲಿ ಹಿಡಿದು ತೆಗೆದ ಅದೇ ಬಸ್ಸಿಗೊಮ್ಮೆ ಮಾಡಿ ನೋಡಿ. ಮೊದಲನೆಯದರಲ್ಲಿ ಕೀಫ್ರೇಮ್‌ಗಳ ಅಂತರ ಫೈಲಿನ ಗಾತ್ರವನ್ನು ಜೋರಾಗಿಯೇ ಬದಲಿಸುತ್ತದೆ. ಮಳೆಯ ತುಣುಕಿನಲ್ಲಿ ಆ ಬದಲಾವಣೆ ಬಹಳ ಕಡಿಮೆ, ಏಕೆಂದರೆ ಅಲ್ಲಿ `P` ಸಾಲುಗಳ ಗಾತ್ರವೇ ಬೆಳೆದು `I` ಸಾಲುಗಳ ಹತ್ತಿರಕ್ಕೆ ಬಂದಿರುತ್ತದೆ.